ಗೈಡ್ ಮೇಡಂಗೆ ಕಳಿಸೋ ಮೇಲ್ ನೋಡಿ ಹೇಳಿ: ಫೌಂಡ್ರಿ ಇಂಟರ್ನ್‌ಶಿಪ್, ಪ್ರಾಜೆಕ್ಟ್ ವಿಷಯಕ್ಕೆ ಒಪ್ಪಿಗೆ ಬೇಕು

ಘಟಪ್ರಭಾ ಹುಡುಗ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಕೊನೆ ವರ್ಷ. ನಮ್ಮ ಬ್ಯಾಚಿಗೆ ಈ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, ಹದಿನೈದು ವಾರ. ಬೆಳಗಾವಿ ಉದ್ಯಮಬಾಗ್ ಕಡೆ ಒಂದು ಫೌಂಡ್ರಿಯಲ್ಲಿದ್ದೇನೆ. ಐದು ವಾರ ಮುಗಿದಿದೆ. ಇಲ್ಲಿ ಮಾಡಿದ ಕೆಲಸದ ಮೇಲೇ ಪ್ರಾಜೆಕ್ಟ್ ಮಾಡಬೇಕು, ಅದರ ವಿಷಯಕ್ಕೆ ಕಾಲೇಜಿನ ಗೈಡ್ ಒಪ್ಪಿಗೆ ಕೊಡಬೇಕು. ಮೇಲ್ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ಕಾಲೇಜಿಗೆ ಇಂಗ್ಲಿಷಿನಲ್ಲಿ ಹೋಗುತ್ತೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

> ವಿಷಯ: ಇಂಟರ್ನ್‌ಶಿಪ್ ಬಗ್ಗೆ
>
> ಗೌರವಾನ್ವಿತ ಮೇಡಂ, ತಮ್ಮ ಆಶೀರ್ವಾದದಿಂದ ಇಂಟರ್ನ್‌ಶಿಪ್ ಚೆನ್ನಾಗಿ ನಡೆಯುತ್ತಿದೆ. ಮೊದಲ ವಾರ ಪ್ಯಾಟರ್ನ್ ಶಾಪ್, ಎರಡನೇ ವಾರ ಕೋರ್ ಶಾಪ್, ಮೂರನೇ ವಾರ ಮೋಲ್ಡಿಂಗ್ ಮತ್ತು ಸ್ಯಾಂಡ್ ಪ್ಲಾಂಟ್, ನಾಲ್ಕನೇ ವಾರ ಮೆಲ್ಟಿಂಗ್, ಐದನೇ ವಾರ ಫೆಟ್ಲಿಂಗ್ ಮತ್ತು ಇನ್‌ಸ್ಪೆಕ್ಷನ್ ನೋಡಿದೆ. ಬಹಳಷ್ಟು ಕಲಿತೆ. ಕಂಪನಿಯ ಎಲ್ಲರೂ ತುಂಬಾ ಸಹಕಾರ ಕೊಡುತ್ತಿದ್ದಾರೆ. ನಾನು 'ಫೌಂಡ್ರಿಯಲ್ಲಿ ಎರಕದ ದೋಷಗಳು ಮತ್ತು ಅವುಗಳ ಪರಿಹಾರ: ಒಂದು ಅಧ್ಯಯನ' ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ದಯವಿಟ್ಟು ಅನುಮತಿ ಕೊಡಬೇಕಾಗಿ ವಿನಂತಿ. ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಷ್ಟು ಸಾಕಾ? ಇನ್ನೇನಾದರೂ ಸೇರಿಸಬೇಕಾ?

---

ದಾವಣಗೆರೆ ಬೆಣ್ಣೆ

ಬ್ರೋ, ಕಂಪನಿಗೆ ಇಂಟರ್ನ್‌ಶಿಪ್ ಕೇಳಿ ಬರೆಯೋ ಮೇಲಿಗೆ ಇಷ್ಟು ಉದ್ದ ಬೇಡ. ರೆಸ್ಯೂಮೆ ಹಾಕಿ, ಕಾಲೇಜಿನ ಲೆಟರ್ ಹಾಕಿ, ನಾಲ್ಕು ಸಾಲು ಬರೆದರೆ ಸಾಕು. ಎಚ್‌ಆರ್ ಓದೋದೇ ಇಲ್ಲ.

---

ಘಟಪ್ರಭಾ ಹುಡುಗ

ಇಂಟರ್ನ್‌ಶಿಪ್ ಸಿಕ್ಕಾಗಿದೆ ಅಣ್ಣಾ. ಇದು ಕಾಲೇಜಿನ ಗೈಡ್‌ಗೆ.

---

ಸ್ಟಾಫ್‌ರೂಮ್ ಮೂಲೆ

ನಾನು ಬೇರೆ ಕಾಲೇಜಿನವನು, ಆದರೆ ಇಂಥ ಮೇಲ್ ಪ್ರತಿ ವರ್ಷ ನನಗೂ ಬರುತ್ತೆ. ಓದೋ ಕಡೆಯಿಂದ ಹೇಳುತ್ತೇನೆ.

'ಇಂಟರ್ನ್‌ಶಿಪ್ ಬಗ್ಗೆ' ಅನ್ನೋ ವಿಷಯದ ಸಾಲು ಇರೋ ಮೇಲ್ ನನ್ನ ಬಳಿ ರಾಶಿ ಇದೆ. ನಾಳೆ ರಿವ್ಯೂ ಕಮಿಟಿಯವರು 'ಈ ಹುಡುಗನ ವಿಷಯ ನೀವು ಒಪ್ಪಿದ್ದು ಯಾವಾಗ' ಅಂತ ಕೇಳಿದರೆ ನಾನು ಹುಡುಕೋದು ಯುಎಸ್‌ಎನ್ ಹಾಕಿ. ಹಾಗಾಗಿ ಯುಎಸ್‌ಎನ್, ಐದನೇ ವಾರದ ವರದಿ, ವಿಷಯಕ್ಕೆ ಒಪ್ಪಿಗೆ ಕೋರಿ, ಈ ಮೂರೂ ವಿಷಯದ ಸಾಲಿನಲ್ಲೇ ಇರಲಿ. ಮೇಲ್ ಕಾಲೇಜಿನ ಐಡಿಯಿಂದಲೇ ಹೋಗಲಿ.

ಎರಡನೇದು, ಐದು ವಾರದಲ್ಲಿ ಎಲ್ಲೆಲ್ಲಿ ಓಡಾಡಿದೆ ಅಂತ ಬರೆದಿದ್ದೀಯ. ಏನು ಸಿಕ್ಕಿತು ಅಂತ ಬರೆದಿಲ್ಲ. ಪ್ರತಿ ಇಲಾಖೆಯಲ್ಲೂ ವಾರ ವಾರ ನಿಂತಿದ್ದು ಡೈರಿಗೆ ಸರಿ. ಗೈಡ್‌ಗೆ ಬೇಕಿರೋದು ಪ್ರಾಜೆಕ್ಟಿಗೆ ಏನು ಕೈಗೆ ಸಿಕ್ಕಿದೆ, ಡೇಟಾ ಇದೆಯಾ, ಅಷ್ಟೆ.

ಮೂರನೇದು ದೊಡ್ಡದು. ನಿನ್ನ ಶೀರ್ಷಿಕೆ ಒಂದು ಪಠ್ಯಪುಸ್ತಕದ ಅಧ್ಯಾಯದ ಹೆಸರು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳೋ ಮೊದಲ ಪ್ರಶ್ನೆ, 'ಇದರಲ್ಲಿ ಕಂಪನಿ ಮಾಡಿದ್ದೇನು, ನೀನು ಮಾಡಿದ್ದೇನು?' ಈ ಶೀರ್ಷಿಕೆಗೆ ಅದಕ್ಕೆ ಉತ್ತರವೇ ಇಲ್ಲ. ಯಾವ ಭಾಗ, ಯಾವ ದೋಷ, ಈಗ ಎಷ್ಟಿದೆ?

---

ಘಟಪ್ರಭಾ ಹುಡುಗ

ಧನ್ಯವಾದ ಸರ್. ಡೇಟಾ ಇದೆ. ಒಂದು ಬೇರಿಂಗ್ ಹೌಸಿಂಗ್, ಗ್ರೇ ಐರನ್, ಒಳಗಿನ ಟೊಳ್ಳಿಗೆ ಅಚ್ಚಿನಲ್ಲಿ ಇಡೋ ಮರಳಿನ ಕೋರ್ ಒಂದೇ. ಜುಲೈನಲ್ಲಿ 4,120 ಹೊಯ್ದಿದ್ದಾರೆ. ಅದೇ ತಿಂಗಳ ರಿಜಿಸ್ಟರ್‌ನಲ್ಲಿ ರಿಜೆಕ್ಟ್ 301. ಅದರಲ್ಲಿ ಬ್ಲೋಹೋಲ್ 142, ಸ್ಯಾಂಡ್ ಇನ್‌ಕ್ಲೂಷನ್ 71, ಶ್ರಿಂಕೇಜ್ 38, ಉಳಿದದ್ದು 50. ಅಂದರೆ ಅರ್ಧದ ಹತ್ತಿರ ಬ್ಲೋಹೋಲೇ. ಕಂಪನಿಯವರು ಬೈಯಬಾರದು ಅಂತ ಇಲ್ಲಿ ಸಂಖ್ಯೆಗಳನ್ನು ಸ್ವಲ್ಪ ಬದಲಿಸಿದ್ದೇನೆ, ಪ್ರಮಾಣ ಹೆಚ್ಚುಕಡಿಮೆ ಇಷ್ಟೇ.

---

ಪೀಣ್ಯ ಟರ್ನರ್

ಬ್ಲೋಹೋಲ್ ಅಂದ್ರೆ ಮರಳಲ್ಲಿ ನೀರು ಜಾಸ್ತಿ ಅಂತಲೇ ಅರ್ಥ. ನೀರು ಆವಿ ಆಗುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ತೂತು ಬೀಳುತ್ತೆ. ಮಿಕ್ಸರ್‌ನಲ್ಲಿ ನೀರು ಕಮ್ಮಿ ಮಾಡಿಸಿ, 50 ಪೀಸ್ ಹಾಕಿಸಿ, ಬ್ಲೋಹೋಲ್ ಬರಲಿಲ್ಲ ಅಂತ ಫೋಟೋ ತೆಗೆದು ರಿಪೋರ್ಟ್ ಬರೀರಿ. 'ತೇವಾಂಶ ನಿಯಂತ್ರಣದಿಂದ ಬ್ಲೋಹೋಲ್ ತಡೆ'. ವಿಷಯ ರೆಡಿ. ನನ್ನ ತಮ್ಮ ಹೀಗೇ ಮಾಡಿ ಪಾಸಾದ.

---

ಮರಳುಮಾಮ

ಇಪ್ಪತ್ತು ವರ್ಷಕ್ಕೂ ಮೇಲೆ ಸ್ಯಾಂಡ್ ಪ್ಲಾಂಟು, ಕ್ವಾಲಿಟಿ ಅಂತ ಫೌಂಡ್ರಿಯಲ್ಲೇ ಕಳೆದವನು ನಾನು. ಟರ್ನರ್ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆವಿ ಹೋಗೋಕೆ ದಾರಿ ಸಿಗದೆ ತೂತು ಬೀಳೋದು ನಿಜ. ಆದರೆ ಆ ಗ್ಯಾಸ್ ಮರಳಿನದೇ ಅಂತ ಯಾರು ಹೇಳಿದರು? ಕೋರ್‌ನಿಂದ ಬರಬಹುದು, ಕೋರ್‌ಗೆ ಹಚ್ಚಿದ ಪೇಂಟ್ ಒಣಗದೇ ಬರಬಹುದು, ಲೋಹ ಹೊಯ್ಯೋಕೆ ಬಳಸೋ, ಸರಿಯಾಗಿ ಕಾಯಿಸದ ಲ್ಯಾಡಲ್‌ನಿಂದ ಬರಬಹುದು. ಇನ್ನು ಗ್ರೀನ್ ಸ್ಯಾಂಡ್‌ನಲ್ಲಿ ನೀರು ಸಾಮಾನ್ಯವಾಗಿ 3ರಿಂದ 4 ಪರ್ಸೆಂಟ್ ಇರುತ್ತೆ. ಅದನ್ನು ಸುಮ್ನೆ ಇಳಿಸಿದರೆ ಬೆಂಟೊನೈಟ್ ಹಿಡಿತ ಕಳೆದುಕೊಳ್ಳುತ್ತೆ, ಅಚ್ಚಿನ ಅಂಚು ಉದುರುತ್ತೆ. ಬ್ಲೋಹೋಲ್ ಇಳಿಯಿತು ಅಂತ ಖುಷಿ ಪಡೋ ಹೊತ್ತಿಗೆ ಸ್ಯಾಂಡ್ ಇನ್‌ಕ್ಲೂಷನ್ 71 ಇದ್ದದ್ದು 150 ಆಗಿ ಕೂತಿರುತ್ತೆ.

ತಮ್ಮಾ, ಎರಡು ಪ್ರಶ್ನೆ. ತೂತು ಎಲ್ಲಿದೆ? ಅಚ್ಚಿನ ಕಡೆ ಚರ್ಮದ ಕೆಳಗೆ ಅಲ್ಲಲ್ಲಿ ಹರಡಿದ್ದರೆ ಮರಳಿನ ಕಡೆ ನೋಡು. ಕೋರ್‌ನ ಮೇಲ್ಭಾಗಕ್ಕೆ ನೇರವಾಗಿ, ಅಚ್ಚಿನ ಮೇಲಿನ ಅರ್ಧವಾದ ಕೋಪ್ ಕಡೆ ಗುಂಪಾಗಿದ್ದರೆ ಕೋರ್ ಕಡೆ ನೋಡು. ಒಂದು ಪೀಸನ್ನು ಕತ್ತರಿಸಿ ನೋಡಿಬಿಡು. ಬ್ಲೋಹೋಲಿನ ಒಳಗೋಡೆ ನುಣ್ಣಗೆ, ದುಂಡಗೆ ಇರುತ್ತೆ. ಒರಟಾಗಿ ಹರಳು ಹರಳಾಗಿದ್ದರೆ ಅದು ಶ್ರಿಂಕೇಜ್, ಇನ್‌ಸ್ಪೆಕ್ಟರ್ ತಪ್ಪು ಕಾಲಂನಲ್ಲಿ ಟಿಕ್ ಹಾಕಿರುತ್ತಾನೆ.

ಎರಡನೇದು, ಈ 142 ಯಾವ ತಾರೀಕಿನ ಲೆಕ್ಕ? ಹೊಯ್ದ ದಿನದ್ದಾ, ಸಿಕ್ಕಿಬಿದ್ದ ದಿನದ್ದಾ?

---

ಘಟಪ್ರಭಾ ಹುಡುಗ

ಇನ್‌ಸ್ಪೆಕ್ಷನ್ ರಿಜಿಸ್ಟರ್‌ನ ತಾರೀಕು ಮಾಮಾ. 142ರಲ್ಲಿ 97 ನಮ್ಮ ಫೆಟ್ಲಿಂಗ್‌ನಲ್ಲಿ ಸಿಕ್ಕಿದ್ದು. 45 ಕಸ್ಟಮರ್ ಕಡೆಯಿಂದ ವಾಪಸ್ ಬಂದಿದ್ದು, ಅವರು ಮಷಿನಿಂಗ್ ಮಾಡಿದಾಗ ಒಳಗೆ ತೂತು ಕಂಡಿದೆ. ಪ್ರತಿ ದಿನದ ಬ್ಲೋಹೋಲ್ ಲೆಕ್ಕವನ್ನು ಅದೇ ದಿನದ ಸ್ಯಾಂಡ್ ಟೆಸ್ಟ್ ರಿಪೋರ್ಟಿನ ತೇವಾಂಶದ ಜೊತೆ ಗ್ರಾಫ್ ಹಾಕಿದೆ. ಯಾವ ಸಂಬಂಧವೂ ಕಾಣಲಿಲ್ಲ.

---

ಮರಳುಮಾಮ

ಕಾಣೋದಿಲ್ಲ. ಇಲ್ಲೇ ಎಲ್ಲರೂ ಎಡವೋದು.

ಸೋಮವಾರ ಹೊಯ್ದ ಪೀಸ್ ಶಾಟ್ ಬ್ಲಾಸ್ಟ್ ಆಗಿ ಫೆಟ್ಲಿಂಗ್ ಮುಗಿಸಿ ಇನ್‌ಸ್ಪೆಕ್ಷನ್ ಟೇಬಲ್‌ಗೆ ಬರೋದು ಬುಧವಾರ, ಗುರುವಾರ. ಕಸ್ಟಮರ್ ವಾಪಸ್ ಕಳಿಸೋದು ಎರಡು ಮೂರು ವಾರ ಬಿಟ್ಟು. ಬಂದ ದಿನ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಅಂದರೆ ನೀನು ಜೂನ್ ತಿಂಗಳ ಪೀಸನ್ನು ಜುಲೈ ತಿಂಗಳ ಮರಳಿನ ಜೊತೆ ಹೋಲಿಸುತ್ತಿದ್ದೀಯ. ಎಷ್ಟು ಗ್ರಾಫ್ ಹಾಕಿದರೂ ಸಂಬಂಧ ಸಿಗೋದಿಲ್ಲ.

ಪೀಸಿನ ಮೇಲೆ ಹೀಟ್ ಕೋಡ್ ಇರಬೇಕಲ್ಲ? `G14B` ಥರ. G ಅಂದರೆ ಏಳನೇ ತಿಂಗಳು, 14 ತಾರೀಕು, B ಅಂದರೆ ಆ ದಿನ ಕುಲುಮೆಯಲ್ಲಿ ಎರಡನೇ ಸಲ ಕರಗಿಸಿದ ಲೋಹ, ಎರಡನೇ ಹೀಟ್. ರಿಜೆಕ್ಟ್ ಪೀಸುಗಳು ಮತ್ತೆ ಕುಲುಮೆಗೆ ಹೋಗೋ ಮುಂಚೆ ಯಾರ್ಡ್‌ನಲ್ಲಿ ಬಿದ್ದಿರುತ್ತವೆ. ವೈರ್ ಬ್ರಷ್ ತಗೊಂಡು ಹೋಗಿ ಕೋಡ್ ಓದು. ರಿಜಿಸ್ಟರ್‌ನಲ್ಲೇ ಬರೆದಿದ್ದರೆ ನಿನ್ನ ಪುಣ್ಯ. ಎಲ್ಲವನ್ನೂ ಹೊಯ್ದ ದಿನಕ್ಕೆ ವಾಪಸ್ ಹಾಕಿ ಮತ್ತೆ ಗ್ರಾಫ್ ಮಾಡು.

ಒಂದು ಎಚ್ಚರಿಕೆ. ಆ ಕೋಡಿನ ಅಕ್ಷರಗಳನ್ನು ಪ್ಯಾಟರ್ನ್ ಮೇಲೆ ಕೈಯಿಂದ ಬದಲಿಸೋದು. ಬೆಳಿಗ್ಗೆ ಬದಲಿಸೋದು ಮರೆತರೆ ಮೊದಲ ಒಂದಷ್ಟು ಅಚ್ಚಿಗೆ ಹಿಂದಿನ ದಿನದ ಕೋಡೇ ಬೀಳುತ್ತೆ.

---

ಹಾಸನದ ಎಂಬಿಎ

ನನ್ನದು ಫೌಂಡ್ರಿ ಅಲ್ಲ, ಒಂದು ಹಾಲಿನ ಡೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಮೇಲ್ ವಿಷಯ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ವಿಷಯಕ್ಕೆ ಒಪ್ಪಿಗೆ ಕೇಳಿ ಮೇಲ್ ಹಾಕಿದೆ, ಮೂರು ವಾರ ಉತ್ತರ ಇಲ್ಲ. ಮೌನಂ ಸಮ್ಮತಿ ಅಂದುಕೊಂಡು ಕೆಲಸ ಶುರು ಮಾಡಿದೆ. ರಿವ್ಯೂ ದಿನ ಗೈಡ್ 'ಇದನ್ನು ನಾನು ಒಪ್ಪಿಯೇ ಇಲ್ಲ' ಅಂದುಬಿಟ್ಟರು. ಪ್ರಶ್ನಾವಳಿ ಎಲ್ಲಾ ಮತ್ತೆ ಮಾಡಬೇಕಾಯ್ತು. ನೀವು ಯಾವ ದಿನದೊಳಗೆ ಉತ್ತರ ಬೇಕು ಅಂತ ಬರೆದುಬಿಡಿ.

---

ಸ್ಟಾಫ್‌ರೂಮ್ ಮೂಲೆ

ದಿನ ಬರೆಯಬಹುದು, ಆದರೆ ಕಾರಣ ಸಮೇತ ಬರೆಯಬೇಕು. 'ದಯವಿಟ್ಟು ಶುಕ್ರವಾರದೊಳಗೆ ಉತ್ತರಿಸಿ' ಅಂತ ಮಾತ್ರ ಬರೆದರೆ ನನ್ನಂಥವನಿಗೆ ಸಿಟ್ಟು ಬರುತ್ತೆ. 'ಸೋಮವಾರ ಟ್ರಯಲ್ ಶುರುವಾಗಬೇಕು, ಅದಕ್ಕೆ ಶನಿವಾರ ಕೋರ್ ಎತ್ತಿಡಬೇಕು' ಅಂತಿದ್ದರೆ ಆ ಮೇಲ್ ಮೊದಲು ತೆಗೆಯುತ್ತೇನೆ.

ಟರ್ನರ್ ಅವರ 50 ಪೀಸಿನ ಬಗ್ಗೆಯೂ ಒಂದು ಮಾತು. 4,120ಕ್ಕೆ 142 ಅಂದರೆ ನೂರಕ್ಕೆ ಮೂರೂವರೆ. ಏನನ್ನೂ ಬದಲಿಸದೆ 50 ಪೀಸ್ ಹೊಯ್ದರೂ, ಸುಮಾರು ಆರರಲ್ಲಿ ಒಂದು ಸಲ ಒಂದೂ ಬ್ಲೋಹೋಲ್ ಬರೋದಿಲ್ಲ. ಲೆಕ್ಕ ಇಷ್ಟೇ:

```
(1 - 0.0345)^50 = 0.17
```

ದೋಷಗಳು ಕೆಲವೇ ದಿನಗಳಲ್ಲಿ ಗುಂಪಾಗಿ ಬರುತ್ತವೆ ಅಂದರೆ ಒಳ್ಳೆ ದಿನ ಸೊನ್ನೆ ಬರೋ ಸಾಧ್ಯತೆ ಇನ್ನೂ ಜಾಸ್ತಿ. ಟರ್ನರ್ ಅವರ ತಮ್ಮನಿಗೆ ಈ ಪ್ರಶ್ನೆ ಕೇಳೋ ಪರೀಕ್ಷಕರು ಸಿಗಲಿಲ್ಲ, ಅಷ್ಟೆ.

---

ಪೀಣ್ಯ ಟರ್ನರ್

ಸರಿ ಸರ್, ಆದ್ರೆ ಇಂಟರ್ನ್ ಹುಡುಗನಿಗೆ ಸಾವಿರಾರು ಪೀಸ್ ಟ್ರಯಲ್ ಯಾರು ಕೊಡ್ತಾರೆ? ಶಾಪ್ ಫ್ಲೋರ್‌ನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ.

---

ಘಟಪ್ರಭಾ ಹುಡುಗ

ಮಾಮಾ, ಮಾಡಿದೆ. ರಿಜಿಸ್ಟರ್‌ನಲ್ಲಿ ಕೋಡ್ ಅರ್ಧಂಬರ್ಧ ಇತ್ತು, ಉಳಿದದ್ದನ್ನು ಯಾರ್ಡ್‌ನಲ್ಲಿ ಓದಿದೆ. ಆಗಸ್ಟ್‌ನಲ್ಲಿ ವಾಪಸ್ ಬಂದದ್ದನ್ನೂ ಸೇರಿಸಿ, ಜುಲೈನಲ್ಲಿ ಹೊಯ್ದವುಗಳಲ್ಲಿ ಬ್ಲೋಹೋಲ್ ಆದದ್ದು 135. ಕೋಡ್ ಓದಲು ಬಾರದ 7 ಪೀಸ್ ಬಿಟ್ಟಿದ್ದೇನೆ.

ಈ ಹೌಸಿಂಗ್ ಹೊಯ್ದದ್ದು 24 ದಿನ, ಅದರಲ್ಲಿ 4 ಸೋಮವಾರ. 135ರಲ್ಲಿ 61 ಸೋಮವಾರದ್ದೇ! ಉಳಿದ 20 ದಿನಕ್ಕೆಲ್ಲಾ ಸೇರಿ 74. ಕೆಲವು ಪೀಸ್ ಕತ್ತರಿಸಿದೆವು. ಒಳಗೋಡೆ ನುಣ್ಣಗಿದೆ, ತೂತು ಕೋರ್‌ನ ಮೇಲ್ಭಾಗಕ್ಕೇ ಇದೆ. ನಮ್ಮಲ್ಲಿ ಭಾನುವಾರ ರಜೆ.

---

ಮರಳುಮಾಮ

ಈಗ ಬಂದೆ ನೋಡು ದಾರಿಗೆ.

ಸೋಮವಾರ ಬೆಳಿಗ್ಗೆ ಮರಳು ತಣ್ಣಗಿರುತ್ತೆ. ವಾರದ ಮಧ್ಯೆ ಶೇಕ್‌ಔಟ್ ಆದ ಮರಳು ಬಿಸಿಬಿಸಿಯಾಗಿ ವಾಪಸ್ ಬರುತ್ತೆ, 50 ಡಿಗ್ರಿ ದಾಟಿದರೆ ಅದರ ಆವಿ ತಣ್ಣನೆ ಕೋರ್ ಮೇಲೆ ಹನಿಗಟ್ಟಿ ತೊಂದರೆ ಕೊಡುತ್ತೆ. ಅದೇ ಕಾರಣ ಆಗಿದ್ದರೆ ಸೋಮವಾರ ಕಮ್ಮಿ ಇರಬೇಕಿತ್ತು. ನಿನ್ನಲ್ಲಿ ಉಲ್ಟಾ ಇದೆ. ಹಾಗಾಗಿ ಬಿಸಿ ಮರಳನ್ನು ಸದ್ಯಕ್ಕೆ ಪಕ್ಕಕ್ಕಿಡು.

ಉಳಿದದ್ದು ಎರಡು. ಒಂದು, ಶನಿವಾರ ಮಾಡಿದ ಕೋರ್ ಭಾನುವಾರ ಪೂರ್ತಿ ಬೆಳಗಾವಿ ಮಳೆಯಲ್ಲಿ ತೆರೆದ ರ್ಯಾಕ್ ಮೇಲೆ ಕೂತಿರುತ್ತೆ, ತೇವ ಎಳೆಯುತ್ತೆ. ಎರಡು, ಸೋಮವಾರದ ಮೊದಲ ಹೀಟಿಗೆ ಲ್ಯಾಡಲ್ ಸರಿಯಾಗಿ ಕಾಯ್ದಿರೋದಿಲ್ಲ. ಇವೆರಡನ್ನೂ ಬೇರೆ ಮಾಡೋದು ಸುಲಭ, ಕೋಡಿನ ಕೊನೆ ಅಕ್ಷರ ನೋಡು. ಲ್ಯಾಡಲ್ ಕಾರಣ ಆಗಿದ್ದರೆ A ಹೀಟಿನಲ್ಲೇ ಗುಂಪಾಗಿರುತ್ತೆ, ಆಮೇಲೆ ಲ್ಯಾಡಲ್ ತಾನೇ ಕಾಯುತ್ತೆ. ಕೋರ್ ಆಗಿದ್ದರೆ ದಿನಪೂರ್ತಿ ಹರಡಿರುತ್ತೆ.

ಜೊತೆಗೆ ಒಂದು ತಕ್ಕಡಿ ಹುಡುಕು, 1 ಗ್ರಾಂ ತೋರಿಸೋದು. ಶನಿವಾರ ಸಂಜೆ ಒಂದು ಕೋರ್ ತೂಗಿ, ಚಾಕಿನಲ್ಲಿ ಗುರುತು ಹಾಕಿ, ಅದನ್ನೇ ಸೋಮವಾರ ಬೆಳಿಗ್ಗೆ ತೂಗು.

---

ಘಟಪ್ರಭಾ ಹುಡುಗ

ಸೋಮವಾರದ 61ರಲ್ಲಿ A ಹೀಟ್ 19. ದಿನಕ್ಕೆ 7 ಹೀಟ್, ಉಳಿದ ಆರರಲ್ಲಿ 42. ಅಂದರೆ A ಜಾಸ್ತಿ ಇದೆ, ಆದರೆ ಉಳಿದದ್ದೂ ಕಮ್ಮಿ ಏನಿಲ್ಲ. ಎರಡೂ ಕಾರಣ ಇರಬಹುದಾ?

ಕೋರ್ ತೂಗಿದೆ. ಶನಿವಾರ 1,842 ಗ್ರಾಂ, ಸೋಮವಾರ 1,851. ಬರೀ 9 ಗ್ರಾಂ. ಇದು ಲೆಕ್ಕಕ್ಕೇ ಬರೋದಿಲ್ಲ ಅನ್ನಿಸುತ್ತೆ.

---

ಮರಳುಮಾಮ

ಬರೀ 9 ಗ್ರಾಂ ಅಲ್ಲ ತಮ್ಮಾ! 9 ಗ್ರಾಂ ನೀರು ಆವಿಯಾದರೆ ನೂರು ಡಿಗ್ರಿಯಲ್ಲೇ ಸುಮಾರು 15 ಲೀಟರ್. ಸುತ್ತ ಇರೋದು 1,300 ಡಿಗ್ರಿ ದಾಟಿದ ಲೋಹ, ಅಲ್ಲಿ ಅದರ ಕೆಲವು ಪಟ್ಟು. ಬೈಂಡರ್ ಸುಟ್ಟು ಬರೋ ಗ್ಯಾಸ್ ಬೇರೆ. ಇಷ್ಟೂ ಕೋರ್ ಪ್ರಿಂಟಿನ ಸಣ್ಣ ವೆಂಟ್‌ನಿಂದ ಹೊರಗೆ ಹೋಗಬೇಕು. ಆಗಲಿಲ್ಲ ಅಂದರೆ ಲೋಹದೊಳಗೇ ನುಗ್ಗುತ್ತೆ. ಅದಕ್ಕೇ ನಿನ್ನ ತೂತು ಕೋರ್‌ನ ಮೇಲ್ಭಾಗಕ್ಕಿದೆ.

ಆದರೆ ಒಂದು ಕೋರ್ ತೂಗಿ ತೀರ್ಮಾನ ಬೇಡ. ಹತ್ತು ಹದಿನೈದು ತೂಗು. ಮಂಗಳವಾರದ್ದನ್ನೂ ತೂಗು. ಅದೂ ಅಷ್ಟೇ ತೇವ ಎಳೆದಿದ್ದರೆ ನಿನ್ನ ಕಥೆ ಬಿದ್ದುಹೋಗುತ್ತೆ.

ಎರಡೂ ಕಾರಣ ಇರಬಹುದು, ಹೌದು. ಅದಕ್ಕೆ ಟ್ರಯಲ್‌ನಿಂದ A ಹೀಟನ್ನು ಹೊರಗಿಡು. B ಇಂದ ಶುರು ಮಾಡು. ಶನಿವಾರದ ಕೋರುಗಳನ್ನು ಎರಡು ಭಾಗ ಮಾಡಿ, ಅರ್ಧ ಎಂದಿನಂತೆ ರ್ಯಾಕ್‌ನಲ್ಲಿ ಬಿಡು, ಅರ್ಧ ಪ್ಲಾಸ್ಟಿಕ್ ಹೊದಿಸಿ ಬೆಚ್ಚಗಿರೋ ಕೋಣೆಯಲ್ಲಿಡು. ಸೋಮವಾರ ಒಂದು ಅಚ್ಚಿಗೆ ಅದು, ಮುಂದಿನದಕ್ಕೆ ಇದು. ಒಂದೇ ಹೀಟು, ಒಂದೇ ಲ್ಯಾಡಲು. ಟರ್ನರ್ ಅವರ ಪ್ರಶ್ನೆಗೂ ಇದೇ ಉತ್ತರ. ಇದು ದಿನದ ಮಾಮೂಲಿ ಉತ್ಪಾದನೆಯೇ, ಹೆಚ್ಚುವರಿ ಒಂದು ಪೀಸೂ ಹೊಯ್ಯಬೇಕಿಲ್ಲ. ಇಂಟರ್ನ್ ಕೇಳಿದರೂ ಕೊಡುತ್ತಾರೆ. ಯಾವ ಪೀಸಿಗೆ ಯಾವ ಕೋರ್ ಅಂತ ಗೊತ್ತಾಗೋಕೆ ಪ್ಯಾಟರ್ನ್‌ನಲ್ಲಿ ಒಂದು ಚುಕ್ಕೆಯ ಗುರುತು ಮಾಡಿಸು. ಚಾಕ್ ಗುರುತು ಶಾಟ್ ಬ್ಲಾಸ್ಟ್‌ನಲ್ಲಿ ಹೋಗುತ್ತೆ.

---

ಸ್ಟಾಫ್‌ರೂಮ್ ಮೂಲೆ

ಇದಕ್ಕೆ ಲೆಕ್ಕವೂ ಸಾಲುತ್ತೆ. ದಿನಕ್ಕೆ ಸುಮಾರು 170 ಪೀಸ್, A ಬಿಟ್ಟರೆ 147. ಸೋಮವಾರಗಳಲ್ಲಿ ಆ ಹೀಟುಗಳ ಬ್ಲೋಹೋಲ್ ನೂರಕ್ಕೆ ಏಳರಷ್ಟು. ಒಂದೇ ಸೋಮವಾರ ಮಾಡಿದರೆ ಒಂದು ಕಡೆ 5, ಇನ್ನೊಂದು ಕಡೆ 1 ಅಥವಾ 2 ಬರಬಹುದು. ಅದನ್ನು ಯಾರೂ ನಂಬೋದಿಲ್ಲ. ನಾಲ್ಕು ಸೋಮವಾರ ಮಾಡಿದರೆ ಎರಡೂ ಕಡೆ 290ರ ಹತ್ತಿರ ಪೀಸ್ ಆಗುತ್ತೆ. ಆಗ 20ರ ಎದುರು 6 ಬಂದರೆ ಮಾತಾಡಬಹುದು.

ಈಗ ಹಿಂದಿನಿಂದ ಎಣಿಸು. 14, 15ನೇ ವಾರ ವರದಿ ಬರೆಯೋಕೆ ಬೇಕು. ಕಸ್ಟಮರ್ ವಾಪಸ್ ಕಳಿಸೋ ಪೀಸಿಗೆ ಮೂರು ವಾರ ಕಾಯಬೇಕು. ಅಂದರೆ ಕೊನೆ ಟ್ರಯಲ್ 10ನೇ ವಾರ, ಮೊದಲನೇದು 7ನೇ ವಾರ. ಅದಕ್ಕೆ 6ನೇ ವಾರದ ಶುಕ್ರವಾರದೊಳಗೆ ಒಪ್ಪಿಗೆ ಬೇಕು. ನಿನ್ನ ಮೇಲ್‌ನಲ್ಲಿ ಇರಬೇಕಾದ ಕಾರಣ ಇದೇ.

---

ಘಟಪ್ರಭಾ ಹುಡುಗ

ಹೊಸ ಮೇಲ್ ಹೀಗೆ ಬರೆದಿದ್ದೇನೆ. ನಿನ್ನೆ ಇನ್ನೊಂದಷ್ಟು ಕೋರ್ ತೂಗಿದೆ, ಅದನ್ನೂ ಸೇರಿಸಿದ್ದೇನೆ.

> ವಿಷಯ: [ಯುಎಸ್‌ಎನ್] ಐದನೇ ವಾರದ ವರದಿ, ಪ್ರಾಜೆಕ್ಟ್ ವಿಷಯಕ್ಕೆ ಶುಕ್ರವಾರದೊಳಗೆ ಒಪ್ಪಿಗೆ ಕೋರಿ
>
> ಮಾನ್ಯ ಮೇಡಂ,
>
> ಇಂಟರ್ನ್‌ಶಿಪ್‌ನ ಐದು ವಾರ ಮುಗಿದಿದೆ. ಕೆಳಗಿನ ಪ್ರಾಜೆಕ್ಟ್ ವಿಷಯಕ್ಕೆ ತಮ್ಮ ಒಪ್ಪಿಗೆ ಕೋರುತ್ತಿದ್ದೇನೆ.
>
> ವಿಷಯ: ಬೇರಿಂಗ್ ಹೌಸಿಂಗ್ ಎರಕದಲ್ಲಿ ಬ್ಲೋಹೋಲ್ ರಿಜೆಕ್ಷನ್ ಮೇಲೆ ಕೋರ್ ಸಂಗ್ರಹಣೆಯ ಪರಿಣಾಮ.
>
> ಈವರೆಗೆ: ಜುಲೈನಲ್ಲಿ ಹೊಯ್ದ 4,120 ಭಾಗಗಳ ಬ್ಲೋಹೋಲ್ ದಾಖಲೆಯನ್ನು ಹೀಟ್ ಕೋಡ್ ಮೂಲಕ ಹೊಯ್ದ ದಿನಕ್ಕೆ ಹೊಂದಿಸಿದ್ದೇನೆ. 135ರಲ್ಲಿ 61 ನಾಲ್ಕು ಸೋಮವಾರಗಳಿಗೆ ಸೇರಿವೆ. ದೋಷ ಕೋರ್‌ನ ಮೇಲ್ಭಾಗಕ್ಕೆ ಇದೆ. ಶನಿವಾರ ಮಾಡಿದ 12 ಕೋರ್‌ಗಳು ಸೋಮವಾರಕ್ಕೆ ತಲಾ 6ರಿಂದ 10 ಗ್ರಾಂ ತೂಕ ಹೆಚ್ಚಿವೆ. ಹಿಂದಿನ ದಿನ ಮಾಡಿ ಮರುದಿನ ಬಳಸುವ ಕೋರ್‌ಗಳಲ್ಲಿ ಇದು 2ರಿಂದ 4 ಗ್ರಾಂ.
>
> ಮುಂದೆ: ನಾಲ್ಕು ಸೋಮವಾರ (7ರಿಂದ 10ನೇ ವಾರ) ತೆರೆದ ರ್ಯಾಕ್‌ನ ಕೋರ್ ಮತ್ತು ಮುಚ್ಚಿಟ್ಟ ಕೋರ್ ಎರಡನ್ನೂ ಒಂದೇ ಹೀಟ್‌ನಲ್ಲಿ ಒಂದಾದ ಮೇಲೊಂದು ಬಳಸಿ ಹೋಲಿಕೆ. ಮೊದಲ ಹೀಟ್‌ನಲ್ಲಿ ಲ್ಯಾಡಲ್‌ನ ಪರಿಣಾಮ ಇರಬಹುದಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ಮಷಿನಿಂಗ್‌ನಲ್ಲಿ ಸಿಗುವ ದೋಷಗಳಿಗೆ 13ನೇ ವಾರದವರೆಗೆ ಕಾಯಬೇಕು. ಹಾಗಾಗಿ ಟ್ರಯಲ್ ಬರುವ ಸೋಮವಾರವೇ ಶುರುವಾಗಬೇಕಿದೆ.
>
> ಟ್ರಯಲ್‌ಗೆ ಕಂಪನಿಯ ಗೈಡ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಕಸ್ಟಮರ್ ಹೆಸರು, ಪಾರ್ಟ್ ನಂಬರ್ ವರದಿಯಲ್ಲಿ ಬರಬಾರದು ಎಂದಿದ್ದಾರೆ.
>
> ತಮ್ಮಿಂದ ತಿಳಿಯಬೇಕಾದದ್ದು ಎರಡು. ವಿಷಯ ಮತ್ತು ಟ್ರಯಲ್ ಯೋಜನೆಗೆ ಒಪ್ಪಿಗೆ ಇದೆಯೇ? ಲ್ಯಾಡಲ್ ಕಾಯಿಸುವುದನ್ನೂ ಅಧ್ಯಯನದಲ್ಲಿ ಸೇರಿಸಬೇಕೇ?
>
> ಲಗತ್ತು: `rejection_by_pour_date.xlsx` ಮತ್ತು ಒಂದು ಪುಟದ ಸಾರಾಂಶ.

---

ಸ್ಟಾಫ್‌ರೂಮ್ ಮೂಲೆ

ಇದನ್ನು ಫೋನಿನಲ್ಲಿ ಬಸ್ಸಿನಲ್ಲಿ ಕೂತು ಓದಿದರೂ ಅರ್ಥ ಆಗುತ್ತೆ. ಕಂಪನಿಯ ಗೈಡ್‌ಗೂ ಸಿಸಿ ಹಾಕು. ಬಾಯಿಮಾತಿನ ಒಪ್ಪಿಗೆ ಇದ್ದಲ್ಲಿ ಅದೇ ದಾಖಲೆ ಆಗುತ್ತೆ.

---

ಹಾಸನದ ಎಂಬಿಎ

ಸಿಸಿ ವಿಷಯದಲ್ಲಿ ನಾನು ಒಪ್ಪೋದಿಲ್ಲ ಸರ್. ನಾನು ಹಾಗೆ ಮಾಡಿದ್ದಕ್ಕೆ ಅಲ್ಲಿನ ಮ್ಯಾನೇಜರ್ 'ನಮ್ಮ ನಷ್ಟದ ಲೆಕ್ಕ ಕಾಲೇಜಿಗೆ ಯಾಕೆ ಹೋಯ್ತು' ಅಂತ ಕೂಗಾಡಿದರು. ಆಮೇಲೆ ಯಾವ ಫೈಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೊದಲು ಅವರಿಗೆ ಮೇಲ್ ತೋರಿಸಿ, ಆಮೇಲೆ ಕಳಿಸಲಿ. ಸಂಖ್ಯೆಗಳ ಬದಲು ಪರ್ಸೆಂಟ್ ಹಾಕಿದರೆ ಇನ್ನೂ ಒಳ್ಳೆಯದು.

---

ಸ್ಟಾಫ್‌ರೂಮ್ ಮೂಲೆ

ಮೊದಲು ತೋರಿಸೋದು ಸರಿ. ಆದರೆ ಬರೀ ಪರ್ಸೆಂಟ್ ಬೇಡ. 7 ಪರ್ಸೆಂಟ್ ಅಂದರೆ 14ರಲ್ಲಿ ಒಂದಾ, 290ರಲ್ಲಿ 20ಆ? ವೈವಾದಲ್ಲಿ ಅದನ್ನೇ ಕೇಳುತ್ತಾರೆ. ಕಂಪನಿ ಒಪ್ಪದಿದ್ದರೆ ಅದು ಬೇರೆ ಮಾತು. ಆಗ ಪೂರ್ತಿ ಸಂಖ್ಯೆ ಗೈಡ್‌ಗೆ ಮಾತ್ರ ತೋರಿಸಿ, ವರದಿಯಲ್ಲಿ ಏನು ಹಾಕಬೇಕು ಅಂತ ಇಬ್ಬರನ್ನೂ ಮಾತಾಡಿಸಬೇಕು.

---

ಪೀಣ್ಯ ಟರ್ನರ್

ಶೀರ್ಷಿಕೆಯಲ್ಲಿ 'ಕೋರ್ ಸಂಗ್ರಹಣೆ' ಅಂತ ಈಗಲೇ ಹಾಕಿಬಿಟ್ಟರೆ, ನಾಳೆ ಕಾರಣ ಅದಲ್ಲ ಅಂತ ಬಂದರೆ? ಕೋರ್ ಪೇಂಟ್ ಒಣಗದೇ ಇರೋದೂ ಇರಬಹುದು ಅಂತ ಮಾಮನೇ ಹೇಳಿದರಲ್ಲ.

---

ಮರಳುಮಾಮ

ಒಳ್ಳೆ ಪ್ರಶ್ನೆ. ಪೇಂಟ್ ಒಣಗದೇ ಇದ್ದಿದ್ದರೆ ಕೋರ್ ಇಟ್ಟಷ್ಟು ಹೊತ್ತೂ ತೂಕ ಇಳಿಯಬೇಕಿತ್ತು. ಇವನದ್ದು ಏರಿದೆ. ಹಾಗಂತ ಪೂರ್ತಿ ತಳ್ಳಿಹಾಕೋಕಾಗಲ್ಲ, ಎರಡೂ ಒಟ್ಟಿಗೆ ಇರಬಹುದು. 'ಪರಿಣಾಮ' ಅಂತ ಇದೆಯಲ್ಲ, ಪರಿಣಾಮ ಇಲ್ಲ ಅಂತ ಬಂದರೂ ಶೀರ್ಷಿಕೆ ನಿಲ್ಲುತ್ತೆ. 'ಕೋರ್ ಸಂಗ್ರಹಣೆಯಿಂದ ಬ್ಲೋಹೋಲ್ ನಿವಾರಣೆ' ಅಂತ ಹಾಕಿದ್ದರೆ ಸಿಕ್ಕಿಹಾಕಿಕೊಳ್ಳುತ್ತಿದ್ದ.

---

ಘಟಪ್ರಭಾ ಹುಡುಗ

ಕಂಪನಿ ಗೈಡ್‌ಗೆ ಮೇಲ್ ತೋರಿಸಿದೆ. ಒಂದು ಸಾಲು ಬದಲಿಸಿದರು, ಸಿಸಿ ಹಾಕು ಅಂದರು. ಕಳಿಸಿದೆ. ಮೇಡಂ ಮರುದಿನವೇ ಉತ್ತರ ಬರೆದಿದ್ದಾರೆ. ವಿಷಯ ಒಪ್ಪಿಗೆ. ಲ್ಯಾಡಲ್ ಬೇಡ, ಒಂದೇ ಪ್ರಶ್ನೆ ಇಟ್ಟುಕೋ ಅಂದಿದ್ದಾರೆ. ಆದರೆ ಒಂದು ಷರತ್ತು. ಸಂಗ್ರಹಣೆ ಜಾಗದ ಆರ್ದ್ರತೆ ದಿನಕ್ಕೆ ಎರಡು ಸಲ ಬರೆದಿಡಬೇಕಂತೆ. ಯಾಕೆ ಅಂತ ಬರೆದಿಲ್ಲ.

---

ಮರಳುಮಾಮ

ನಿಮ್ಮ ಮೇಡಂ ಗಟ್ಟಿ ಇದ್ದಾರೆ. ಜುಲೈ ಮಳೆಯ ಲೆಕ್ಕ ನಿನ್ನ ಕೈಯಲ್ಲಿದೆ, ಟ್ರಯಲ್ ನಡೆಯೋದು ಮಳೆ ಇಳಿಯೋ ಹೊತ್ತಿಗೆ. ಗಾಳಿ ಒಣಗಿದರೆ ತೆರೆದ ರ್ಯಾಕ್‌ನ ಕೋರೂ ತೇವ ಎಳೆಯೋದಿಲ್ಲ, ಎರಡು ಕಡೆಯೂ ಒಂದೇ ಥರ ಬರುತ್ತೆ. ಆಗ ಮುಚ್ಚಿಟ್ಟದ್ದು ಉಪಯೋಗ ಇಲ್ಲ ಅಂತಲ್ಲ, ಆ ವಾರ ಪರೀಕ್ಷೆಯೇ ಆಗಲಿಲ್ಲ ಅಂತ. ಆರ್ದ್ರತೆಯ ದಾಖಲೆ ಇದ್ದರೆ ಮಾತ್ರ ಅದನ್ನು ಹೇಳೋಕೆ ಬರುತ್ತೆ. ಪ್ರತಿ ಸೋಮವಾರ ಕೋರ್ ತೂಗೋದನ್ನೂ ಬಿಡಬೇಡ.

---

ಪೀಣ್ಯ ಟರ್ನರ್

ಮಳೆ ನಿಂತೇ ಹೋದರೆ? ಕೋರ್ ಮೇಲೆ ನೀರು ಚಿಮುಕಿಸಿ ಟ್ರಯಲ್ ಮಾಡಬಹುದಾ?

---

ಮರಳುಮಾಮ

ಚಿಮುಕಿಸಿದರೆ ಮೇಲ್ಮೈ ಮಾತ್ರ ಒದ್ದೆಯಾಗುತ್ತೆ, ಗಾಳಿಯ ತೇವ ನಿಧಾನಕ್ಕೆ ಒಳಗೆ ಇಳಿಯೋ ಥರ ಆಗೋದಿಲ್ಲ. ಮುಚ್ಚಿದ ಕೋಣೆಯಲ್ಲಿ ನೀರಿನ ಟ್ರೇ ಇಟ್ಟು ಮಾಡಿದವರನ್ನು ನೋಡಿದ್ದೇನೆ. ಆದರೆ ಕಸ್ಟಮರ್‌ಗೆ ಹೋಗೋ ಪೀಸಿಗೆ ಬೇಕೂಂತ ತೇವ ಕೊಡೋಕೆ ಯಾವ ಕಂಪನಿಯೂ ಒಪ್ಪೋದಿಲ್ಲ. ಹಾಗೆ ಮಾಡಿದರೆ ಪೀಸ್ ಕತ್ತರಿಸಿ ನೋಡಿ ಸ್ಕ್ರ್ಯಾಪಿಗೇ ಹಾಕಬೇಕು, ಅದಕ್ಕೆ ಬೇರೆ ಅನುಮತಿ ಬೇಕು.

---

ಘಟಪ್ರಭಾ ಹುಡುಗ

ಅದನ್ನು 8ನೇ ವಾರದ ವರದಿಯಲ್ಲಿ ಮೇಡಂಗೆ ಕೇಳುತ್ತೇನೆ. ಮೊದಲ ಎರಡು ಸೋಮವಾರ ಮಳೆ ಇದ್ದರೆ ಬಹುಶಃ ಬೇಕಾಗೋದಿಲ್ಲ. ಇಂದು ಶನಿವಾರ, ಕೋರ್ ಎತ್ತಿಡೋಕೆ ಹೋಗುತ್ತಿದ್ದೇನೆ. ಹೈಗ್ರೋಮೀಟರ್ ಸ್ಟೋರ್ಸ್‌ನಲ್ಲಿ ಇಲ್ಲವಂತೆ. ಬೆಳಗಾವಿಯಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?